ಕಾಸ್ಟ್ ಮಾಡಿದ ವಿಡಿಯೊ ನಿಂತು ನಿಂತು ಬರುತ್ತಿದ್ದರೆ ಮೊದಲು ನೋಡಬೇಕಾದ್ದು ಫೋನಿನ ವೈಫೈ

"ಸಿನಿಮಾ ಹಾಕಿದ್ರೆ ಸರಾಗವಾಗಿ ಓಡುತ್ತೆ ಕಣೋ, ನಾನೇ ತೆಗೆದ ವಿಡಿಯೊ ಹಾಕಿದ್ರೆ ಮಾತ್ರ ಆರು ಸೆಕೆಂಡ್ ಓಡುತ್ತೆ, ಹತ್ತು ಸೆಕೆಂಡ್ ನಿಲ್ಲುತ್ತೆ. ಇಂಟರ್ನೆಟ್ ಪ್ಲಾನ್ ಹೆಚ್ಚಿಸ್ಲಾ?" ಅಂತ ಅಕ್ಕ ಫೋನ್ ಮಾಡಿದ್ದಳು. ಮಗಳ ನೃತ್ಯ ಕಾರ್ಯಕ್ರಮವನ್ನು ಫೋನಿನಲ್ಲಿ ಚಿತ್ರೀಕರಿಸಿ, ಮನೆಯವರೆಲ್ಲ ಕೂತು ನೋಡಲೆಂದು ಟಿವಿಗೆ ಕಾಸ್ಟ್ ಮಾಡಿದ್ದಳು. ಪ್ಲಾನ್ ಹೆಚ್ಚಿಸುವುದು ಬೇಡ ಎಂದೆ. ಅವಳ ಮಾತಿನಲ್ಲೇ ಉತ್ತರದ ಅರ್ಧ ಇತ್ತು. ಸಿನಿಮಾ ಸರಾಗ, ಸ್ವಂತ ವಿಡಿಯೊ ತೊದಲು. ಟಿವಿ ಅದೇ, ರೌಟರ್ ಅದೇ, ಫೋನೂ ಅದೇ. ಬೇರೆಯಾಗಿದ್ದು ವಿಡಿಯೊ ಟಿವಿಗೆ ಬರುವ ದಾರಿ ಒಂದೇ.

ಈ ದಾರಿಯನ್ನು ಅರ್ಥ ಮಾಡಿಕೊಂಡರೆ ಉಳಿದದ್ದು ಸುಲಭ. ಹಾಗಾಗಿ ಸೆಟ್ಟಿಂಗ್‌ಗಳಿಗೆ ಕೈಹಾಕುವ ಮುಂಚೆ ಅದನ್ನೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕಾಸ್ಟ್ ಅನ್ನುವ ಒಂದೇ ಗುಂಡಿ, ಹಿಂದೆ ಎರಡು ದಾರಿ

ಯೂಟ್ಯೂಬ್‌ನಂಥ ಆ್ಯಪ್‌ನಲ್ಲಿ ಕಾಸ್ಟ್ ಗುಂಡಿ ಒತ್ತಿದಾಗ ಫೋನು ಟಿವಿಗೆ ವಿಡಿಯೊ ಕಳಿಸುವುದಿಲ್ಲ. "ಇಗೋ, ಈ ವಿಡಿಯೊ ಇಂಥ ಕಡೆ ಇದೆ, ಇಷ್ಟನೇ ನಿಮಿಷದಿಂದ ಶುರು ಮಾಡು" ಎಂದು ವಿಳಾಸವನ್ನಷ್ಟೇ ಹೇಳುತ್ತದೆ. ಟಿವಿ ಅಥವಾ ಅದಕ್ಕೆ ಸಿಕ್ಕಿಸಿದ ಕ್ರೋಮ್‌ಕಾಸ್ಟ್‌ನಂಥ ಸಾಧನ ತಾನೇ ಇಂಟರ್ನೆಟ್‌ಗೆ ಹೋಗಿ ವಿಡಿಯೊ ತರಿಸಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಫೋನು ಬರೀ ರಿಮೋಟ್. ಫೋನಿನ ಸಿಗ್ನಲ್ ಎಷ್ಟೇ ಕೆಟ್ಟದಾಗಿದ್ದರೂ ಚಿತ್ರ ಓಡುತ್ತಲೇ ಇರುತ್ತದೆ.

ನೀವು ತೆಗೆದ ವಿಡಿಯೊ, ಫೋನಿಗೆ ಇಳಿಸಿಕೊಂಡ ಫೈಲು, ಗ್ಯಾಲರಿಯ ಫೋಟೊ, ಇವುಗಳ ಕಥೆಯೇ ಬೇರೆ. ಇವು ಇರುವುದು ಫೋನಿನಲ್ಲಿ ಮಾತ್ರ, ಟಿವಿ ಹೋಗಿ ತರಿಸಿಕೊಳ್ಳಲು ಬೇರೆ ಜಾಗವೇ ಇಲ್ಲ. ಆದ್ದರಿಂದ ಫೋನೇ ಒಂದು ಪುಟ್ಟ ಸರ್ವರ್ ಆಗುತ್ತದೆ. ಫೈಲಿನ ಪ್ರತಿಯೊಂದು ತುಣುಕೂ ಫೋನಿನಿಂದ ವೈಫೈ ಮೂಲಕ ರೌಟರ್‌ಗೆ ಹೋಗಿ, ರೌಟರ್‌ನಿಂದ ಮತ್ತೆ ಟಿವಿಗೆ ಹೋಗಬೇಕು. ಇಂಟರ್ನೆಟ್ ವೇಗಕ್ಕೂ ಇದಕ್ಕೂ ಸಂಬಂಧವಿಲ್ಲ, ಏಕೆಂದರೆ ವಿಡಿಯೊ ಮನೆಯಿಂದ ಹೊರಗೆ ಹೋಗುವುದೇ ಇಲ್ಲ. ಅಕ್ಕ ಪ್ಲಾನ್ ಎರಡು ಪಟ್ಟು ಮಾಡಿಸಿದ್ದರೂ ಅದೇ ಆರು ಸೆಕೆಂಡ್, ಅದೇ ಹತ್ತು ಸೆಕೆಂಡ್.

ಇನ್ನೊಂದು ವ್ಯತ್ಯಾಸವನ್ನು ಬಹಳ ಮಂದಿ ಗಮನಿಸುವುದಿಲ್ಲ. ಆನ್‌ಲೈನ್ ಸೇವೆಗಳು ಒಂದೇ ಸಿನಿಮಾವನ್ನು ಬೇರೆ ಬೇರೆ ಗುಣಮಟ್ಟದಲ್ಲಿ ಮಾಡಿಟ್ಟುಕೊಂಡಿರುತ್ತವೆ. ಸಂಪರ್ಕ ಕುಗ್ಗಿದರೆ ಸದ್ದಿಲ್ಲದೆ ಕಡಿಮೆ ಗುಣಮಟ್ಟಕ್ಕೆ ಇಳಿಯುತ್ತವೆ, ಚಿತ್ರ ಸ್ವಲ್ಪ ಮಸುಕಾದರೂ ನಿಲ್ಲುವುದಿಲ್ಲ. ನಿಮ್ಮ ಫೋನಿನ ಫೈಲಿಗೆ ಇರುವುದು ಒಂದೇ ರೂಪ. ಅದಕ್ಕೆ ಬೇಕಾದಷ್ಟು ವೇಗ ಸಿಕ್ಕರೆ ಓಡುತ್ತದೆ, ಸಿಗದಿದ್ದರೆ ನಿಲ್ಲುತ್ತದೆ.

ಮೊದಲ ಹೆಜ್ಜೆ: ಯಾವ ದಾರಿ ಎಂದು ಪರೀಕ್ಷಿಸಿ

ವಿಡಿಯೊ ಕಾಸ್ಟ್ ಮಾಡಿ, ಅರ್ಧ ನಿಮಿಷ ಓಡಲು ಬಿಡಿ. ಆಮೇಲೆ ಫೋನಿನ ವೈಫೈ ಆಫ್ ಮಾಡಿ. ಅವಸರಪಟ್ಟು ತೀರ್ಮಾನಕ್ಕೆ ಬರಬೇಡಿ. ಟಿವಿಯ ಹತ್ತಿರ ಆಗಲೇ ಬಂದು ಕೂತಿರುವ ಒಂದಷ್ಟು ಸೆಕೆಂಡಿನ ವಿಡಿಯೊ ಇರುತ್ತದೆ, ಅದು ಮುಗಿಯುವವರೆಗೆ ಎರಡೂ ದಾರಿಗಳು ಒಂದೇ ಥರ ಕಾಣುತ್ತವೆ. ಎರಡು ನಿಮಿಷ ಕಾಯಿರಿ.

ಎರಡು ನಿಮಿಷದ ನಂತರವೂ ಚಿತ್ರ ಓಡುತ್ತಿದ್ದರೆ ಟಿವಿ ತಾನೇ ಇಂಟರ್ನೆಟ್‌ನಿಂದ ತರಿಸಿಕೊಳ್ಳುತ್ತಿದೆ. ಹಾಗಿದ್ದೂ ತೊದಲುತ್ತಿದ್ದರೆ ತೊಂದರೆ ಟಿವಿಯ ವೈಫೈಯಲ್ಲೋ ಇಂಟರ್ನೆಟ್‌ನಲ್ಲೋ ಇದೆ. ಫೋನನ್ನು ಪಕ್ಕಕ್ಕಿಟ್ಟು, ಅದೇ ವಿಡಿಯೊವನ್ನು ಟಿವಿಯ ಸ್ವಂತ ಆ್ಯಪ್‌ನಲ್ಲಿ ತೆರೆದು ನೋಡಿ. ಅಲ್ಲೂ ನಿಂತರೆ ಖಾತ್ರಿಯಾಯಿತು. ಚಿತ್ರ ನಿಂತೇ ಹೋದರೆ ವಿಡಿಯೊ ಬರುತ್ತಿದ್ದದ್ದು ಫೋನಿನಿಂದ. ಹಾಗಾದರೆ ಮುಂದೆ ಓದಿ.

ಇದಕ್ಕೊಂದು ಅಪವಾದವಿದೆ. ಮನೆಯಲ್ಲಿ ರೌಟರ್ ಇಲ್ಲದೆ ಟಿವಿಯನ್ನು ಅದೇ ಫೋನಿನ ಹಾಟ್‌ಸ್ಪಾಟ್‌ಗೆ ಜೋಡಿಸಿದ್ದರೆ ಈ ಪರೀಕ್ಷೆ ಬೇಕಾಗಿಲ್ಲ. ಅಲ್ಲಿ ಫೋನೇ ರೌಟರ್, ಯಾವ ವಿಡಿಯೊ ಆದರೂ ಅದರ ಮೂಲಕವೇ ಬರಬೇಕು.

ಎರಡನೇ ಹೆಜ್ಜೆ: ಈ ಫೈಲಿಗೆ ಎಷ್ಟು ವೇಗ ಬೇಕು?

ಗ್ಯಾಲರಿಯಲ್ಲಿ ವಿಡಿಯೊದ ವಿವರ ತೆರೆದರೆ ಅದರ ಗಾತ್ರ ಮತ್ತು ಅವಧಿ ಸಿಗುತ್ತವೆ. ಅಕ್ಕನ ವಿಡಿಯೊ ಆರು ನಿಮಿಷದ್ದು, ಗಾತ್ರ ಸುಮಾರು 2 ಜಿಬಿ. ಫೋನಿನ ಕ್ಯಾಮೆರಾ 4K ಗುಣಮಟ್ಟಕ್ಕೆ ಹೊಂದಿಸಿತ್ತು, ಅವಳಿಗೆ ಅದು ಗೊತ್ತಿರಲಿಲ್ಲ.

ಆರು ನಿಮಿಷ ಎಂದರೆ 360 ಸೆಕೆಂಡ್. 2000 ಎಂಬಿಯನ್ನು 360ರಿಂದ ಭಾಗಿಸಿದರೆ ಸೆಕೆಂಡಿಗೆ ಐದೂವರೆ ಎಂಬಿ ಆಯಿತು. ವೈಫೈ ವೇಗವನ್ನು ಅಳೆಯುವುದು ಬೈಟ್‌ನಲ್ಲಲ್ಲ, ಬಿಟ್‌ನಲ್ಲಿ. ಎಂಟರಿಂದ ಗುಣಿಸಿದರೆ ಸೆಕೆಂಡಿಗೆ 44 ಮೆಗಾಬಿಟ್. ಆನ್‌ಲೈನ್ ಸೇವೆಗಳ 4K ಸಿನಿಮಾ ಸಾಮಾನ್ಯವಾಗಿ 15ರಿಂದ 25 ಮೆಗಾಬಿಟ್‌ನಲ್ಲಿ ಮುಗಿದುಹೋಗುತ್ತದೆ. ಅವರು ಬಿಡುವಾಗಿ, ದೊಡ್ಡ ಯಂತ್ರಗಳಲ್ಲಿ, ಸಾಕಷ್ಟು ಹಿಂಡಿ ಚಿಕ್ಕದು ಮಾಡಿರುತ್ತಾರೆ. ಫೋನು ನೀವು ಚಿತ್ರೀಕರಿಸುತ್ತಿರುವಾಗಲೇ ಆ ಕೆಲಸ ಮುಗಿಸಬೇಕು, ಅಷ್ಟು ಹಿಂಡಲು ಅದಕ್ಕೆ ಹೊತ್ತಿಲ್ಲ. ಮನೆಯಲ್ಲಿ ತೆಗೆದ ವಿಡಿಯೊ ಸಿನಿಮಾಕ್ಕಿಂತ ಭಾರ ಎನ್ನುವುದು ಅಕ್ಕನಿಗೆ ನಂಬಲು ಕಷ್ಟವಾಯಿತು, ಆದರೆ ವಿಷಯ ಇರುವುದು ಹಾಗೆಯೇ.

ಮೂರನೇ ಹೆಜ್ಜೆ: ಫೋನು ನಿಜವಾಗಿ ಎಷ್ಟು ಕಳಿಸಬಲ್ಲದು?

ಇಲ್ಲಿ ಎಲ್ಲರೂ ಸ್ಪೀಡ್ ಟೆಸ್ಟ್ ಮಾಡುತ್ತಾರೆ. ಅದು ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಸ್ಪೀಡ್ ಟೆಸ್ಟ್ ಅಳೆಯುವುದು ಇಂಟರ್ನೆಟ್‌ವರೆಗಿನ ವೇಗವನ್ನು, ಅದರಲ್ಲೂ ನಮ್ಮ ಕಣ್ಣು ಹೋಗುವುದು ಡೌನ್‌ಲೋಡ್ ಅಂಕಿಯ ಮೇಲೆ. ನಮಗೆ ಬೇಕಾದ್ದು ಫೋನಿನಿಂದ ರೌಟರ್ ಕಡೆಗೆ ಹೋಗುವ ವೇಗ.

ಫೋನಿನ ಮೇಲ್ತುದಿಯಲ್ಲಿ ಕಾಣುವ ವೈಫೈ ಗೆರೆಗಳನ್ನೂ ಇಲ್ಲಿ ನಂಬುವಂತಿಲ್ಲ. ಆ ಗೆರೆಗಳು ಹೇಳುವುದು ರೌಟರ್‌ನ ದನಿ ಫೋನಿಗೆ ಎಷ್ಟು ಚೆನ್ನಾಗಿ ಕೇಳಿಸುತ್ತಿದೆ ಎನ್ನುವುದನ್ನು. ಫೋನಿನ ದನಿ ರೌಟರ್‌ಗೆ ಎಷ್ಟು ಕೇಳಿಸುತ್ತಿದೆ ಎಂದು ಅವು ಹೇಳುವುದಿಲ್ಲ. ರೌಟರ್ ಗೋಡೆಯ ವಿದ್ಯುತ್ತಿನಿಂದ ನಡೆಯುವ ಸಾಧನ, ಆಂಟೆನಾ ದೊಡ್ಡದು, ಜೋರಾಗಿ ಮಾತಾಡಬಲ್ಲದು. ಫೋನು ಬ್ಯಾಟರಿ ಉಳಿಸಿಕೊಂಡು, ಪುಟ್ಟ ಆಂಟೆನಾದಿಂದ, ನಿಮ್ಮ ಅಂಗೈ ಮರೆಯಿಂದ ಮಾತಾಡಬೇಕು. ಎರಡು ಗೋಡೆ ಆಚೆಯ ಕೋಣೆಯಲ್ಲಿ ಕೂತು ವಿಡಿಯೊ ನೋಡಲು ಏನೂ ತೊಂದರೆ ಇಲ್ಲದ ಫೋನು, ಅದೇ ಜಾಗದಿಂದ ವಿಡಿಯೊ ಕಳಿಸಲು ಹೊರಟಾಗ ಸುಸ್ತಾಗುವುದು ಇದೇ ಕಾರಣಕ್ಕೆ.

ಬಹಳಷ್ಟು ಆಂಡ್ರಾಯ್ಡ್ ಫೋನ್‌ಗಳಲ್ಲಿ ನಿಜವಾದ ಅಂಕಿ ನೋಡಬಹುದು. ಸೆಟ್ಟಿಂಗ್ಸ್‌ನಲ್ಲಿ ವೈಫೈ ತೆರೆದು, ಜೋಡಣೆಯಾಗಿರುವ ನೆಟ್‌ವರ್ಕ್‌ನ ಪಕ್ಕದ ಹಲ್ಲುಚಕ್ರದ ಗುರುತು ಒತ್ತಿ. ಅಲ್ಲಿ Frequency, Transmit link speed, Receive link speed ಎಂಬ ಸಾಲುಗಳು ಇರುತ್ತವೆ. ಕೆಲವು ಫೋನ್‌ಗಳಲ್ಲಿ ಬರೀ Link speed ಎಂದಿರಬಹುದು. ನಮಗೆ ಬೇಕಾದ್ದು Transmit, ಅಂದರೆ ಫೋನು ಕಳಿಸುವ ವೇಗ. ಐಫೋನಿನ ಸೆಟ್ಟಿಂಗ್ಸ್ ಈ ಅಂಕಿಯನ್ನು ತೋರಿಸುವುದಿಲ್ಲ. ಹಲವು ರೌಟರ್‌ಗಳ ನಿರ್ವಹಣೆ ಪುಟದಲ್ಲಿ ಜೋಡಣೆಯಾದ ಸಾಧನಗಳ ಪಟ್ಟಿಯ ಜೊತೆ ಅವುಗಳ ವೇಗ ಅಥವಾ ಸಿಗ್ನಲ್ ಬಲ ಇರುತ್ತದೆ, ಅಲ್ಲಿ ನೋಡಬಹುದು.

ಅಕ್ಕನ ಫೋನು ಮಲಗುವ ಕೋಣೆಯಲ್ಲಿ ಚಾರ್ಜಿಗೆ ಹಾಕಿತ್ತು. ಅಲ್ಲಿಂದಲೇ ಕಾಸ್ಟ್ ಮಾಡಿದ್ದಳು. ನನ್ನ ಮಾತಿನಂತೆ ತೆರೆದು ಓದಿ ಹೇಳಿದಳು: 2.4 GHz, ಕಳಿಸುವುದು 52 Mbps, ಪಡೆಯುವುದು 72 Mbps. "ನಲವತ್ತನಾಲ್ಕು ಬೇಕು ಅಂದೆ, ಐವತ್ತೆರಡು ಇದೆಯಲ್ಲ!" ಎಂದಳು. ನ್ಯಾಯವಾದ ಪ್ರಶ್ನೆ. ಅದಕ್ಕೆ ಎರಡು ಉತ್ತರಗಳಿವೆ.

ಒಂದು, ಈ ಅಂಕಿ ಪೂರ್ತಿಯಾಗಿ ಕೈಗೆ ಸಿಗುವುದಿಲ್ಲ. ವೈಫೈಯಲ್ಲಿ ಪ್ರತಿ ಕಂತು ತಲುಪಿತೆಂದು ಒಪ್ಪಿಗೆ ಬರಬೇಕು, ಮಾತು ಶುರು ಮಾಡುವ ಮುಂಚೆ ಬೇರೆ ಯಾರೂ ಮಾತಾಡುತ್ತಿಲ್ಲವೇ ಎಂದು ಕಾಯಬೇಕು, ಹಾಳಾದದ್ದನ್ನು ಮತ್ತೆ ಕಳಿಸಬೇಕು. ಇದಕ್ಕೆಲ್ಲ ಕಳೆದರೆ ಸುಮಾರು ಅರ್ಧ ಉಳಿಯುತ್ತದೆ. 52ರಲ್ಲಿ ಹೆಚ್ಚೆಂದರೆ 28 ಎಂದಿಟ್ಟುಕೊಳ್ಳಿ.

ಎರಡನೆಯದು ಇನ್ನೂ ಮುಖ್ಯ. ವೈಫೈ ಚಾನೆಲ್ ಒಂದರಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬಹುದು. ಅಕ್ಕನ ಟಿವಿಯೂ ಅದೇ 2.4 GHz ವೈಫೈಯಲ್ಲಿತ್ತು. ಫೋನು ಒಂದು ತುಣುಕನ್ನು ರೌಟರ್‌ಗೆ ಕೊಡುವಾಗ ರೌಟರ್ ಸುಮ್ಮನಿರಬೇಕು. ರೌಟರ್ ಅದನ್ನು ಟಿವಿಗೆ ಕೊಡುವಾಗ ಫೋನು ಸುಮ್ಮನಿರಬೇಕು. ಒಂದೇ ವಿಡಿಯೊ ಒಂದೇ ಓಣಿಯಲ್ಲಿ ಎರಡು ಸಲ ಓಡಾಡಿದ ಹಾಗೆ. ಉಳಿದ 28 ಕೂಡ ಹೀಗೆ ಹಂಚಿಹೋಗಿ 16ರ ಆಸುಪಾಸಿಗೆ ಇಳಿಯುತ್ತದೆ. 44 ಬೇಕಾದ ಕಡೆ 16 ಬಂದರೆ, ಪ್ರತಿ 16 ಸೆಕೆಂಡಿನಲ್ಲಿ ಬಂದು ಸೇರುವುದು ಸುಮಾರು 6 ಸೆಕೆಂಡಿನ ವಿಡಿಯೊ. ಆರು ಸೆಕೆಂಡ್ ಓಟ, ಹತ್ತು ಸೆಕೆಂಡ್ ನಿಲುಗಡೆ. ಅವಳು ಮೊದಲೇ ಹೇಳಿದ್ದೂ ಅದನ್ನೇ. ಇವೆಲ್ಲ ಅಂದಾಜಿನ ಲೆಕ್ಕ, ಪ್ರತಿ ಮನೆಯಲ್ಲೂ ಇಷ್ಟು ಕರಾರುವಾಕ್ಕಾಗಿ ಕೂಡಿಬರುವುದಿಲ್ಲ. ಆದರೂ ಓಟ ಮತ್ತು ನಿಲುಗಡೆಯ ಸೆಕೆಂಡುಗಳನ್ನು ಎಣಿಸಿ ನೋಡಿ, ಎಷ್ಟು ಕೊರತೆಯಿದೆ ಎಂಬುದು ಅದರಲ್ಲೇ ತಿಳಿಯುತ್ತದೆ.

ನಾಲ್ಕನೇ ಹೆಜ್ಜೆ: ಫೋನಿನ ದಾರಿ ಸರಿಮಾಡುವುದು

ಮೊದಲು ಫೋನನ್ನು 5 GHz ವೈಫೈಗೆ ಬದಲಿಸಿ. ಕೆಲವು ರೌಟರ್‌ಗಳಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು ಇರುತ್ತದೆ, 5 GHz ಹೆಸರನ್ನು ಆರಿಸಿಕೊಂಡರೆ ಆಯಿತು. ಒಂದೇ ಹೆಸರಿದ್ದರೆ ರೌಟರ್ ಇರುವ ಕೋಣೆಗೆ ಫೋನನ್ನು ತಂದು, ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿ, ವಿವರದಲ್ಲಿ Frequency ಬದಲಾಗಿದೆಯೇ ನೋಡಿ. ದೂರದ ಕೋಣೆಯಲ್ಲಿ ಹಿಡಿದ 2.4 GHzಅನ್ನು ಫೋನು ಹತ್ತಿರ ಬಂದ ಮೇಲೂ ಬಿಡದೆ ಹಿಡಿದುಕೊಂಡಿರುವುದು ಉಂಟು, ಅದಕ್ಕೇ ಈ ಆಫ್ ಮತ್ತು ಆನ್.

ಅಕ್ಕ ಫೋನನ್ನು ಹಾಲ್‌ಗೆ ತಂದು ಹೀಗೆ ಮಾಡಿದಾಗ ಕಳಿಸುವ ವೇಗ 433 Mbps ಆಯಿತು. ಫೋನಿನ ಮಾತು ಈಗ ಬೇರೆ ಚಾನೆಲ್‌ನಲ್ಲಿ, ಟಿವಿಯ ಮಾತು ಬೇರೆ ಚಾನೆಲ್‌ನಲ್ಲಿ. ವಿಡಿಯೊ ತಕ್ಷಣ ಸುಧಾರಿಸಿತು, ಆದರೆ ಪೂರ್ತಿ ಅಲ್ಲ. ನಿಮಿಷಕ್ಕೊಮ್ಮೆ ಕೆಲವು ಸೆಕೆಂಡ್ ನಿಲ್ಲುತ್ತಿತ್ತು. ಕಾರಣ, ಕೊನೆಯ ಹಾದಿಯಲ್ಲಿ ಟಿವಿ ಇನ್ನೂ 2.4 GHzನಲ್ಲೇ ಇತ್ತು. ಅಲ್ಲಿ 72ರ ಸಂಪರ್ಕದಿಂದ ಕೈಗೆ ಸಿಗುವುದು 40ರ ಹತ್ತಿರ, ಬೇಕಾದ್ದು 44.

ಆಗ ಟಿವಿಗೆ ರೌಟರ್‌ನಿಂದ ನೆಟ್‌ವರ್ಕ್ ಕೇಬಲ್ ಎಳೆಸಿದೆ. ಹಲವು ಟಿವಿಗಳ ಕೇಬಲ್ ಸಾಕೆಟ್ 100 Mbpsಗಷ್ಟೇ ಇರುತ್ತದೆ, ಆದರೆ 44ಕ್ಕೆ ಅದು ಧಾರಾಳ. ಕೇಬಲ್‌ಗೆ ವೇಗದ ಜೊತೆ ಇನ್ನೊಂದು ಲಾಭವೂ ಇದೆ. ಎರಡು ಸಲದ ಓಡಾಟದಲ್ಲಿ ಒಂದನ್ನು ಗಾಳಿಯಿಂದ ತೆಗೆದು ತಂತಿಗೆ ಹಾಕಿದಂತಾಯಿತು, ವೈಫೈಯೆಲ್ಲ ಫೋನಿನ ಪಾಲಿಗೆ ಉಳಿಯಿತು. ಆರು ನಿಮಿಷವೂ ಒಮ್ಮೆಯೂ ನಿಲ್ಲದೆ ಓಡಿತು. ಕೇಬಲ್ ಎಳೆಯಲು ಆಗದಿದ್ದರೆ ಟಿವಿಯನ್ನೂ 5 GHzಗೆ ಬದಲಿಸಿ. ಓಣಿ ಮತ್ತೆ ಒಂದೇ ಆಗುತ್ತದೆ ನಿಜ, ಆದರೆ ಅದು ಸಾಕಷ್ಟು ಅಗಲದ ಓಣಿ.

ಇಷ್ಟಾದ ಮೇಲೂ ಮಧ್ಯೆ ಮಧ್ಯೆ ತೊದಲುತ್ತಿದ್ದರೆ, ಫೋನಿನೊಳಗೆ ಅದೇ ಹಾದಿಯನ್ನು ಬಳಸುತ್ತಿರುವವರು ಬೇರೆ ಯಾರಾದರೂ ಇದ್ದಾರೆಯೇ ನೋಡಿ. ನನ್ನ ಅನುಭವದಲ್ಲಿ ಮೊದಲು ಸಿಕ್ಕಿಬೀಳುವುದು ಫೋಟೊ ಬ್ಯಾಕಪ್. ನೀವು ಹೊರಗೆ ಹೋಗಿ ವಿಡಿಯೊ ತೆಗೆದು ಮನೆಗೆ ಬಂದು ವೈಫೈ ಹಿಡಿದ ಕೂಡಲೇ, ಬ್ಯಾಕಪ್ ಆ್ಯಪ್ ಅದೇ 2 ಜಿಬಿ ಫೈಲನ್ನು ಇಂಟರ್ನೆಟ್‌ಗೆ ಏರಿಸಲು ಶುರು ಮಾಡಿರುತ್ತದೆ. ಟಿವಿಯಲ್ಲಿ ತೋರಿಸಬೇಕೆಂದು ನಿಮಗೆ ಆಸೆಯಾಗುವುದೂ ಆ ಹೊತ್ತಿನಲ್ಲೇ. ಬ್ಯಾಕಪ್ ಅನ್ನು ಸ್ವಲ್ಪ ಹೊತ್ತು ನಿಲ್ಲಿಸಿ.

ಫೋನು 2.4 GHzನಲ್ಲೇ ಇರಬೇಕಾದ ಮನೆಯಲ್ಲಿ ಬ್ಲೂಟೂತ್ ಇಯರ್‌ಫೋನ್ ಕಿವಿಯಲ್ಲಿದ್ದರೆ ತೆಗೆದಿಡಿ, ಬ್ಲೂಟೂತ್ ನಡೆಯುವುದೂ ಅದೇ ತರಂಗಗಳಲ್ಲಿ. ವೈಫೈ ರಿಪೀಟರ್ ಇದ್ದು ಫೋನು ಅದಕ್ಕೆ ಅಂಟಿಕೊಂಡಿದ್ದರೆ ಓಡಾಟ ಇನ್ನೂ ಒಂದು ಸಲ ಹೆಚ್ಚುತ್ತದೆ, ಕಾಸ್ಟ್ ಮಾಡುವಷ್ಟು ಹೊತ್ತು ಫೋನು ಮೂಲ ರೌಟರ್ ಹತ್ತಿರವೇ ಇರಲಿ. ಮೇಜಿನ ಮೇಲೆ ಬಿಡಿಯಾಗಿಡಿ, ದಿಂಬಿನ ಅಡಿಯಲ್ಲಾಗಲಿ ಜೇಬಿನಲ್ಲಾಗಲಿ ಬೇಡ.

ಇನ್ನೊಂದು ಬಗೆಯ ತೊಂದರೆಗೆ ಗುರುತು ಬೇರೆ. ಎರಡು ಮೂರು ನಿಮಿಷ ಚೆನ್ನಾಗಿ ಓಡಿ, ಫೋನಿನ ಪರದೆ ಆರಿದ ಸ್ವಲ್ಪ ಹೊತ್ತಿಗೆ ನಿಂತರೆ ಅದು ವೈಫೈ ಬಲದ ಪ್ರಶ್ನೆಯಲ್ಲ. ಬ್ಯಾಟರಿ ಉಳಿಸಲು ಫೋನು ಆ ಆ್ಯಪ್‌ನ ಕೈಕಾಲು ಕಟ್ಟಿದೆ. ಬ್ಯಾಟರಿ ಸೇವರ್ ಆಫ್ ಮಾಡಿ, ಆ್ಯಪ್‌ನ ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಯಾವ ನಿರ್ಬಂಧವೂ ಇಲ್ಲದ ಆಯ್ಕೆ ಕೊಡಿ. ಪರದೆ ಹೊತ್ತಿಸಿಟ್ಟು ಒಮ್ಮೆ ಓಡಿಸಿದರೆ ಇದು ಹೌದೋ ಅಲ್ಲವೋ ತಿಳಿಯುತ್ತದೆ.

ಪರದೆಯನ್ನೇ ಟಿವಿಗೆ ಹಾಕುವವರಿಗೆ

ಸ್ಕ್ರೀನ್ ಮಿರರಿಂಗ್ ಎಂದರೆ ಫೋನಿನ ಪರದೆಯನ್ನೇ ಟಿವಿಯಲ್ಲಿ ಕಾಣುವಂತೆ ಮಾಡುವುದು. ಇದರಲ್ಲಿ ಫೋನಿಗೆ ಕೆಲಸ ದುಪ್ಪಟ್ಟು. ಪರದೆಯಲ್ಲಿ ಕಾಣುವುದನ್ನು ಆ ಕ್ಷಣವೇ ವಿಡಿಯೊ ಆಗಿ ಮಾಡಿ ಕಳಿಸುತ್ತಾ ಇರಬೇಕು. ನೀವು ಆನ್‌ಲೈನ್ ವಿಡಿಯೊ ತೆರೆದು ಮಿರರ್ ಮಾಡಿದರೆ ಅದನ್ನು ಮೊದಲು ಇಂಟರ್ನೆಟ್‌ನಿಂದ ಪಡೆಯಬೇಕು, ಆಮೇಲೆ ಟಿವಿಗೆ ಕಳಿಸಬೇಕು, ಎರಡೂ ಫೋನಿನ ಒಂದೇ ರೇಡಿಯೊದಿಂದ. ಆ್ಯಪ್‌ನಲ್ಲಿ ಕಾಸ್ಟ್ ಗುಂಡಿ ಇದ್ದರೆ ಮಿರರಿಂಗ್ ಮಾಡಲೇಬೇಡಿ. ಬಹಳ ಮನೆಗಳಲ್ಲಿ ತೊಂದರೆ ಈ ಒಂದು ಬದಲಾವಣೆಗೇ ಹೋಗಿಬಿಡುತ್ತದೆ.

ಮಿರರಿಂಗ್‌ನ ತೊದಲು ಕಾಣುವುದೂ ಬೇರೆ ಥರ. ಸುತ್ತುವ ಚಕ್ರ ಬರುವುದಿಲ್ಲ, ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ದನಿ ತುಟಿಗಿಂತ ಹಿಂದೆ ಬೀಳುತ್ತದೆ. ಬೆರಳು ಆಡಿಸಿದ್ದು ತಕ್ಷಣ ಟಿವಿಯಲ್ಲಿ ಕಾಣಬೇಕಾದ್ದರಿಂದ ಟಿವಿ ಮುಂಗಡವಾಗಿ ಏನನ್ನೂ ಕೂಡಿಟ್ಟುಕೊಂಡಿರುವುದಿಲ್ಲ. ಅರ್ಧ ಸೆಕೆಂಡ್ ಸಿಗ್ನಲ್ ತಪ್ಪಿದರೂ ಕಣ್ಣಿಗೆ ಬೀಳುತ್ತದೆ.

ಮಿರಾಕಾಸ್ಟ್ ಎಂಬ ಬಗೆಯ ಮಿರರಿಂಗ್‌ನಲ್ಲಿ ಫೋನು ರೌಟರ್‌ನ ಹಂಗಿಲ್ಲದೆ ಟಿವಿಯೊಂದಿಗೆ ನೇರವಾಗಿ ಮಾತಾಡುತ್ತದೆ. ಕೇಳಲು ಇದು ಚೆನ್ನ, ಆದರೆ ಹಲವು ಫೋನ್‌ಗಳಲ್ಲಿ ಒಂದೇ ರೇಡಿಯೊ ರೌಟರ್‌ನ ಚಾನೆಲ್‌ಗೂ ಟಿವಿಯ ಚಾನೆಲ್‌ಗೂ ಹೊತ್ತು ಹಂಚಿಕೊಂಡು ಜಿಗಿದಾಡಬೇಕಾಗುತ್ತದೆ. ಫೋನಿನಲ್ಲೇ ಇರುವ ವಿಡಿಯೊ ತೋರಿಸುವುದಾದರೆ, ವೈಫೈ ಆನ್ ಇರಲಿ, ರೌಟರ್‌ನ ಸಂಪರ್ಕವನ್ನು ಮಾತ್ರ ಕಡಿದು ನೋಡಿ. ಜಿಗಿದಾಟ ನಿಂತು ಚಿತ್ರ ಸರಾಗವಾದರೆ ಕಾರಣ ಅದೇ.

ಫೋನಿನ ತಪ್ಪಲ್ಲದಿದ್ದರೆ

ಕಳಿಸುವ ವೇಗ ಬೇಕಾದ್ದಕ್ಕಿಂತ ನಾಲ್ಕೈದು ಪಟ್ಟು ಇದ್ದೂ ವಿಡಿಯೊ ನಿಲ್ಲುತ್ತಿದ್ದರೆ ಅದೇ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿ ಟಿವಿಗೆ ಚುಚ್ಚಿ. ಅಲ್ಲೂ ತೊದಲಿದರೆ ಟಿವಿಗೆ ಆ ಬಗೆಯ ವಿಡಿಯೊ ಬಿಡಿಸಿ ತೋರಿಸುವ ಶಕ್ತಿ ಇಲ್ಲ. ಹೊಸ ಫೋನ್‌ಗಳು ಬಳಸುವ HEVC ರೂಪ ಹಳೆಯ ಟಿವಿಗಳಿಗೆ ಭಾರವಾಗುವುದುಂಟು, ಸೆಕೆಂಡಿಗೆ 60 ಚಿತ್ರಗಳ 4K ಇನ್ನೂ ಭಾರ. ಆಗ ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಮುಂದಿನ ವಿಡಿಯೊಗಳಿಗೆ H.264 ಮತ್ತು 1080p ಆರಿಸುವುದು ಸುಲಭದ ದಾರಿ. ಕಾಸ್ಟ್ ಮಾಡುವಾಗ ಫೋನು ಕೈ ಸುಡುವಷ್ಟು ಬಿಸಿಯಾಗುತ್ತಿದ್ದರೆ, ಟಿವಿಗೆ ಅರ್ಥವಾಗುವ ರೂಪಕ್ಕೆ ಫೈಲನ್ನು ಕಾಸ್ಟಿಂಗ್ ಆ್ಯಪ್ ಅಲ್ಲೇ ಬದಲಿಸುತ್ತಿರುವ ಸಾಧ್ಯತೆ ಇದೆ. ಆ ಕೆಲಸಕ್ಕೆ ಯಾವ ವೈಫೈಯೂ ನೆರವಾಗದು.

ಪೆನ್‌ಡ್ರೈವ್‌ನಿಂದ ಸರಾಗವಾಗಿ ಓಡಿದರೆ ಫೈಲೂ ಟಿವಿಯೂ ಸರಿಯಾಗಿವೆ, ಮತ್ತೆ ಮೂರನೇ ಹೆಜ್ಜೆಗೆ ಹೋಗಿ ಅಂಕಿ ನೋಡಿ. ಒಂದು ಗಂಟೆಯ 4K ವಿಡಿಯೊ ತೋರಿಸಬೇಕಿದ್ದರೆ ನಾನಂತೂ ಕಾಸ್ಟ್ ಮಾಡುವ ಗೋಜಿಗೇ ಹೋಗದೆ ಪೆನ್‌ಡ್ರೈವ್ ಹಿಡಿಯುತ್ತೇನೆ. ಪೆನ್‌ಡ್ರೈವ್ FAT32 ರೂಪದಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲು ಅದರೊಳಗೆ ಹೋಗುವುದಿಲ್ಲ, ಟಿವಿ ಒಪ್ಪುವುದಾದರೆ exFATಗೆ ಬದಲಿಸಿಕೊಳ್ಳಿ. ಬದಲಿಸುವಾಗ ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಬೇಕಾದ್ದನ್ನು ಮೊದಲೇ ಬೇರೆ ಕಡೆ ತೆಗೆದಿಡಿ.